ಭಿನ್ನರಾಶಿಗಳ ಒಂದು ಸಾಲು ಸೊನ್ನೆಯಿಂದ ಒಂದರವರೆಗಿನ ಪ್ರತಿ ಬಿಂದುವಿನತ್ತ ಸಾಗುವುದು ಹೇಗೆ

ಸೊನ್ನೆ ಮತ್ತು ಒಂದರ ನಡುವಿನ ಎಲ್ಲ ಭಾಗಲಬ್ಧ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಮೊದಲು ಛೇದ 2 ಇರುವ ಭಿನ್ನರಾಶಿ, ಆಮೇಲೆ ಛೇದ 3 ಇರುವವು, ಆಮೇಲೆ 4, ಹೀಗೆ ಮುಂದುವರಿಯಿರಿ. 2/4 ಎಂಬುದು 1/2 ಆಗಿ ಮೊದಲೇ ಬಂದಿರುತ್ತದೆ, ಆದ್ದರಿಂದ ಅಂಥವನ್ನು ಬಿಟ್ಟುಬಿಡಿ. ಆಗ ಸಾಲು ಹೀಗೆ ಹೊರಡುತ್ತದೆ:

1/2, 1/3, 2/3, 1/4, 3/4, 1/5, 2/5, 3/5, 4/5, 1/6, 5/6, …

ಒಂದು ಭಿನ್ನರಾಶಿಯೂ ತಪ್ಪಿಹೋಗುವುದಿಲ್ಲ, ಒಂದೂ ಎರಡು ಸಲ ಬರುವುದಿಲ್ಲ. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಇದೆ: 2/5 ಏಳನೆಯದು, 41/100 ಎಂಬುದು 3020ನೆಯದು.

ಈ ಅನುಕ್ರಮಕ್ಕೆ ಒಂದು ಮಿತಿ ಇದೆಯೇ ಎಂದು ಕೇಳಿದರೆ ಇಲ್ಲ ಎಂದು ಹೇಳಲು ಹೆಚ್ಚು ಹೊತ್ತು ಬೇಡ. ಅದು ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಪ್ರತಿ ಛೇದದಲ್ಲಿಯೂ ಸೊನ್ನೆಯ ಬಳಿಯಿಂದ ಒಂದರ ಬಳಿಗೆ ಏರುತ್ತದೆ, ಮುಂದಿನ ಛೇದ ಬಂದೊಡನೆ ಮತ್ತೆ ಸೊನ್ನೆಯ ಬಳಿಗೆ ಬೀಳುತ್ತದೆ. ಆದರೆ ಸಾಲಿನಿಂದ ಕೆಲವನ್ನು ಮಾತ್ರ ಆರಿಸಿಕೊಂಡು, ಉಳಿದವನ್ನು ಕೈಬಿಟ್ಟರೆ, ಆರಿಸಿಕೊಂಡವು ಒಂದು ಬಿಂದುವಿನತ್ತ ಸಾಗಬಹುದು. ಹಾಗೆ ಆರಿಸಿದ್ದನ್ನು ಉಪಾನುಕ್ರಮ ಎನ್ನುತ್ತಾರೆ. ಯಾವ ಯಾವ ಬಿಂದುಗಳತ್ತ ಹೀಗೆ ಸಾಗಬಹುದು? ಉತ್ತರ: ಸೊನ್ನೆ ಮತ್ತು ಒಂದನ್ನೂ ಸೇರಿಸಿಕೊಂಡು ಅವುಗಳ ನಡುವಿನ ಪ್ರತಿಯೊಂದು ವಾಸ್ತವ ಸಂಖ್ಯೆಯತ್ತಲೂ. ಭಿನ್ನರಾಶಿಯಾಗಿ ಬರೆಯಲಾಗದ √2 − 1ರಂಥ ಸಂಖ್ಯೆಗಳೂ ಅದರಲ್ಲಿ ಸೇರುತ್ತವೆ. ಅವು ನಮ್ಮ ಸಾಲಿನಲ್ಲಿ ಎಲ್ಲಿಯೂ ಇಲ್ಲ, ಆದರೂ ಸಾಲು ಅವುಗಳ ಬಳಿಗೆ ಹೋಗುತ್ತದೆ.

ಪದವಿ ತರಗತಿಗಳಲ್ಲಿ ಈ ಫಲಿತಾಂಶದ ಸಾಧನೆ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: "ಭಾಗಲಬ್ಧ ಸಂಖ್ಯೆಗಳು ಎಲ್ಲೆಡೆ ದಟ್ಟವಾಗಿವೆ, ಆದ್ದರಿಂದ ಯಾವ ಬಿಂದುವಿನ ಬಳಿಗೂ ಹೋಗಬಹುದು." ಈ ಮಾತು ಸುಳ್ಳಲ್ಲ, ಆದರೆ ಅರ್ಧದಾರಿಯಲ್ಲಿ ನಿಂತುಬಿಟ್ಟಿದೆ. ಆ ಉಳಿದರ್ಧ ಎಲ್ಲಿದೆ ಎಂಬುದನ್ನು ನಿಧಾನವಾಗಿ ನೋಡಬೇಕೆಂಬುದು ನನ್ನ ಆಸೆ.

ಉಪಾನುಕ್ರಮವನ್ನು ಆರಿಸುವಾಗ ಪಾಲಿಸಬೇಕಾದ ನಿಯಮ ಒಂದೇ: ಹಿಂದಕ್ಕೆ ಹೋಗುವಂತಿಲ್ಲ. ಉದ್ದನೆಯ ಸಾಲಿನಲ್ಲಿ ನಿಂತ ಜನರ ಪಕ್ಕದಲ್ಲಿ ನೀವು ನಡೆದು ಹೋಗುತ್ತಿದ್ದೀರಿ ಎಂದುಕೊಳ್ಳಿ. ಬೇಕಾದವರನ್ನು ಕರೆಯಬಹುದು, ಬೇಡವಾದವರನ್ನು ದಾಟಿ ಹೋಗಬಹುದು, ಎಷ್ಟು ದೂರ ಬೇಕಾದರೂ ಯಾರನ್ನೂ ಕರೆಯದೆ ನಡೆಯಬಹುದು. ಆದರೆ ಒಮ್ಮೆ ದಾಟಿದವರನ್ನು ಮತ್ತೆ ಕರೆಯಲಾಗದು, ಕರೆದವರನ್ನೇ ಎರಡನೆಯ ಸಲ ಕರೆಯಲೂ ಆಗದು. ಆರಿಸಿದವುಗಳ ಕ್ರಮಸಂಖ್ಯೆಗಳು ಏರುತ್ತಲೇ ಹೋಗಬೇಕು. ಆರಿಸಿದವು x ಎಂಬ ಬಿಂದುವನ್ನು ಮಿತಿಯಾಗಿ ಪಡೆಯುತ್ತವೆ ಎಂದರೆ, x ನ ಸುತ್ತ ಎಷ್ಟೇ ಕಿರಿದಾದ ಆವರಣ ಹಾಕಿದರೂ, ಒಂದು ಹಂತದ ನಂತರ ಆರಿಸಿದವೆಲ್ಲವೂ ಆ ಆವರಣದೊಳಗೇ ಇರುತ್ತವೆ ಎಂದರ್ಥ.

ಸುಲಭವಾದವನ್ನು ಮೊದಲು ಮುಗಿಸೋಣ. 1/2, 1/3, 1/4, 1/5, … ಎಂದು ಆರಿಸಿದರೆ ಸೊನ್ನೆಯತ್ತ ಹೋಗುತ್ತೇವೆ. 1/2, 2/3, 3/4, 4/5, … ಎಂದು ಆರಿಸಿದರೆ ಒಂದರತ್ತ. ಸೊನ್ನೆಯಾಗಲಿ ಒಂದಾಗಲಿ ನಮ್ಮ ಪಟ್ಟಿಯಲ್ಲಿಲ್ಲ, ಆದರೂ ಎರಡೂ ಮಿತಿಗಳಾಗಿ ಬಂದವು. ಇನ್ನು 1/2 ಎಂಬ ಬಿಂದು. ಅದು ಪಟ್ಟಿಯಲ್ಲೇ ಇದೆಯಲ್ಲ, ಅದನ್ನೇ ಮತ್ತೆ ಮತ್ತೆ ಬರೆದರಾಯಿತು ಎಂದು ಹಲವರು 1/2, 1/2, 1/2, … ಎಂದು ಬರೆದುಬಿಡುತ್ತಾರೆ. ಅದು ನಡೆಯದು. 1/2 ಸಾಲಿನಲ್ಲಿ ಒಮ್ಮೆ ಮಾತ್ರ, ಅದೂ ಮೊಟ್ಟಮೊದಲ ಸ್ಥಾನದಲ್ಲಿ ನಿಂತಿದೆ. ಅದನ್ನು ದಾಟಿದ ಮೇಲೆ ಅದರ ನೆರೆಹೊರೆಯವರನ್ನು ಹುಡುಕಬೇಕು: 1/3, 2/5, 3/7, 4/9, 5/11, … ಇವು 1/2ರ ಹತ್ತಿರ ಹತ್ತಿರಕ್ಕೆ ಬರುತ್ತವೆ, ಛೇದ ಏರುತ್ತಿರುವುದರಿಂದ ಸಾಲಿನಲ್ಲಿ ಮುಂದೆ ಮುಂದೆಯೇ ಇವೆ. ಒಂದು ಬಿಂದು ಪಟ್ಟಿಯಲ್ಲಿ ಇರುವುದು ಅದು ಮಿತಿಯಾಗುವುದಕ್ಕೆ ಯಾವ ನೆರವನ್ನೂ ನೀಡುವುದಿಲ್ಲ. ಅದರ ಸುತ್ತಲಿನ ಜಂಗುಳಿಯೇ ಆ ಕೆಲಸ ಮಾಡುತ್ತದೆ.

ಈಗ ಅಭಾಗಲಬ್ಧ ಸಂಖ್ಯೆಗೆ ಬರೋಣ. √2 − 1 = 0.41421356… ಇದರತ್ತ ಹೋಗಲು ಎಲ್ಲರಿಗೂ ತಟ್ಟನೆ ಹೊಳೆಯುವ ದಾರಿ ದಶಮಾಂಶಗಳನ್ನು ಒಂದೊಂದಾಗಿ ಉದ್ದ ಮಾಡುವುದು: 0.4, 0.41, 0.414, 0.4142, 0.41421, … ಇವೆಲ್ಲವೂ ಭಿನ್ನರಾಶಿಗಳೇ. ಸಂಕ್ಷಿಪ್ತ ರೂಪದಲ್ಲಿ 2/5, 41/100, 207/500, 2071/5000, 41421/100000. ಛೇದಗಳು ಏರುತ್ತಿವೆ, ನಮ್ಮ ಪಟ್ಟಿ ಛೇದದ ಕ್ರಮದಲ್ಲಿದೆ, ಆದ್ದರಿಂದ ಕ್ರಮಸಂಖ್ಯೆಗಳೂ ಏರುತ್ತವೆ. ಉಪಾನುಕ್ರಮ ಸಿದ್ಧವಾಯಿತು.

ಆದರೆ ಇದು ಕೆಲಸ ಮಾಡಿದ್ದು ನಮ್ಮ ಪಟ್ಟಿ ಛೇದದ ಕ್ರಮದಲ್ಲಿ ಇದ್ದದ್ದರಿಂದ. ಪ್ರಮೇಯವಾದರೋ ಯಾವುದೇ ಪಟ್ಟಿಯ ಬಗ್ಗೆ ಮಾತನಾಡುತ್ತದೆ. ಭಿನ್ನರಾಶಿಗಳನ್ನು ಬೇರೆ ಯಾರೋ ಬೇರೆ ಯಾವುದೋ ಕ್ರಮದಲ್ಲಿ ಜೋಡಿಸಿ ನಮ್ಮ ಕೈಗಿತ್ತರೆ?

ಅಂಥ ಒಂದು ಪಟ್ಟಿಯನ್ನೇ ತೆಗೆದುಕೊಳ್ಳೋಣ. ನೀಲ್ ಕ್ಯಾಲ್ಕಿನ್ ಮತ್ತು ಹರ್ಬರ್ಟ್ ವಿಲ್ಫ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಜೋಡಣೆ ಅದು, ವಂಶವೃಕ್ಷದ ಹಾಗೆ ಬೆಳೆಯುತ್ತದೆ. ಮೂಲಪುರುಷ 1/1. ಯಾವುದೇ a/b ಗೆ ಇಬ್ಬರು ಮಕ್ಕಳು: a/(a+b) ಮತ್ತು (a+b)/b. ಹೀಗೆ 1/1ರ ಮಕ್ಕಳು 1/2 ಮತ್ತು 2/1. ಮೂರನೆಯ ತಲೆಮಾರಿನಲ್ಲಿ 1/3, 3/2, 2/3, 3/1. ಧನಾತ್ಮಕ ಭಾಗಲಬ್ಧ ಸಂಖ್ಯೆಗಳೆಲ್ಲವೂ ಈ ವೃಕ್ಷದಲ್ಲಿ ಒಂದೊಂದೇ ಸಲ ಬರುತ್ತವೆ. ತಲೆಮಾರಿನ ನಂತರ ತಲೆಮಾರನ್ನು ಓದುತ್ತಾ, ಒಂದು ಮತ್ತು ಅದಕ್ಕಿಂತ ದೊಡ್ಡವನ್ನು ಹೊಡೆದುಹಾಕಿದರೆ ನಮಗೆ ಬೇಕಾದ ಪಟ್ಟಿ ಸಿಗುತ್ತದೆ:

1/2, 1/3, 2/3, 1/4, 3/5, 2/5, 3/4, 1/5, 4/7, 3/8, 5/7, 2/7, …

ಇಲ್ಲಿ ಛೇದಗಳು ಏರಿಳಿಯುತ್ತಿವೆ. 3/5 ಬಂದ ಮೇಲೆ 3/4 ಬಂದಿದೆ, 3/8 ಬಂದ ಮೇಲೆ 2/7 ಬಂದಿದೆ. ಒಂದು ಭಿನ್ನರಾಶಿ ಯಾವ ತಲೆಮಾರಿಗೆ ಸೇರಿದ್ದು ಎಂದು ತಿಳಿಯಲು ಅದರ ತಂದೆ, ತಾತ, ಮುತ್ತಾತ ಎಂದು ಮೇಲೆ ಹತ್ತುತ್ತಾ 1/1 ತಲುಪುವವರೆಗೆ ಎಣಿಸಬೇಕು. ಒಂದೊಂದು ಮೆಟ್ಟಿಲು ಹತ್ತುವುದೆಂದರೆ ಅಂಶ ಮತ್ತು ಛೇದದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು, ಅಷ್ಟೇ. 2/5ರಿಂದ 2/3, ಅದರಿಂದ 2/1, ಅದರಿಂದ 1/1. ಆದ್ದರಿಂದ 2/5 ನಾಲ್ಕನೆಯ ತಲೆಮಾರು. ಶಾಲೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯಲು ಮಾಡುವ ಲೆಕ್ಕವೇ ಇದು, ಭಾಗಾಕಾರದ ಬದಲು ವ್ಯವಕಲನ ಬಂದಿದೆ.

ಈಗ √2 − 1ರ ದಶಮಾಂಶಗಳನ್ನು ಈ ಪಟ್ಟಿಯಲ್ಲಿ ಹುಡುಕಿದರೆ ಏನಾಗುತ್ತದೆ? ಲೆಕ್ಕ ಮಾಡಿ ನೋಡಿದೆ. 0.4 ನಾಲ್ಕನೆಯ ತಲೆಮಾರಿನಲ್ಲಿದೆ. 0.41 ಹನ್ನೊಂದನೆಯದರಲ್ಲಿ, 0.414 ಹದಿನಾರನೆಯದರಲ್ಲಿ. ಇಲ್ಲಿಯವರೆಗೆ ಸರಿ. 0.4142 ನಲವತ್ತೊಂದನೆಯ ತಲೆಮಾರಿಗೆ ಹಾರುತ್ತದೆ. ಅದರ ನಂತರದ 0.41421 ಮಾತ್ರ ಮೂವತ್ತನೆಯ ತಲೆಮಾರಿನಲ್ಲಿದೆ! ನಮ್ಮ ಪಟ್ಟಿಯ ಮೂವತ್ತನೆಯ ತಲೆಮಾರು ಸುಮಾರು 27 ಕೋಟಿಯಿಂದ 54 ಕೋಟಿಯವರೆಗಿನ ಸ್ಥಾನಗಳಲ್ಲಿ ಹರಡಿದೆ. ನಲವತ್ತೊಂದನೆಯದು ಶುರುವಾಗುವುದೇ ಸುಮಾರು 55,000 ಕೋಟಿಯಾಚೆ. 0.4142ನ್ನು ಕರೆದು ನಿಂತಾಗ 0.41421 ಎಷ್ಟೋ ಹಿಂದೆ ಉಳಿದುಹೋಗಿದೆ. ಅದರ ಮುಂದಿನ 0.414213 ಕೂಡ ಮೂವತ್ನಾಲ್ಕನೆಯ ತಲೆಮಾರಿನದು, ಅದೂ ಹಿಂದೆಯೇ ಉಳಿದಿದೆ.

ಸಂಖ್ಯೆಗಳು √2 − 1ರತ್ತ ಚೆನ್ನಾಗಿ ಸಾಗುತ್ತಿದ್ದರೂ ಅವು ಈ ಪಟ್ಟಿಯ ಉಪಾನುಕ್ರಮವಾಗಿಲ್ಲ. "ದಟ್ಟವಾಗಿವೆ, ಆದ್ದರಿಂದ" ಎಂಬ ಸಾಧನೆ ಮುರಿದುಬೀಳುವ ಜಾಗ ಇದೇ. ಉತ್ತರ ಪತ್ರಿಕೆಯಲ್ಲಿ ಇಂಥ ಸಾಧನೆ ಕಂಡಾಗ ಒಂದೇ ಪ್ರಶ್ನೆ ಕೇಳಬೇಕು: ಆರಿಸಿದ ಪದಗಳ ಕ್ರಮಸಂಖ್ಯೆ ಏರುತ್ತದೆ ಎಂಬುದನ್ನು ಎಲ್ಲಿ ತೋರಿಸಿದ್ದೀರಿ? ಅದಕ್ಕೆ ಉತ್ತರ ಬರೆದಿಲ್ಲವಾದರೆ ಸಾಧನೆ ಮುಗಿದಿಲ್ಲ.

ಪರಿಹಾರ ಹುಡುಕಲು ದಶಮಾಂಶಗಳನ್ನು ಸ್ವಲ್ಪ ಹೊತ್ತು ಮರೆತು, x ನ ಸುತ್ತ ಒಂದು ಕಿರಿದಾದ ಆವರಣವನ್ನಷ್ಟೇ ನೋಡೋಣ. ಅದರೊಳಗೆ ಎಷ್ಟು ಭಾಗಲಬ್ಧ ಸಂಖ್ಯೆಗಳಿವೆ? ಒಂದಂತೂ ಇದೆ: ಆವರಣದ ಅಗಲ ಸಾವಿರದಲ್ಲೊಂದು ಭಾಗವಾಗಿದ್ದರೆ, ಛೇದ 2000 ಇರುವ ಭಿನ್ನರಾಶಿಗಳು ಸಂಖ್ಯಾರೇಖೆಯ ಮೇಲೆ ಅದರ ಅರ್ಧದಷ್ಟು ಅಂತರದಲ್ಲಿ ನೆಟ್ಟ ಗೂಟಗಳಂತೆ ನಿಂತಿರುವುದರಿಂದ, ಒಂದಾದರೂ ಗೂಟ ಆವರಣದೊಳಗೆ ಬೀಳಲೇಬೇಕು. ಆವರಣ ಇನ್ನೂ ಕಿರಿದಾಗಿದ್ದರೆ ಇನ್ನೂ ದೊಡ್ಡ ಛೇದ ತೆಗೆದುಕೊಂಡರಾಯಿತು. ಒಂದು ಇದೆ ಎಂದಾದ ಮೇಲೆ ಅನಂತವಾಗಿ ಇವೆ ಎನ್ನುವುದು ಕಷ್ಟವಲ್ಲ. ಆವರಣವನ್ನು ನೂರು ತುಂಡು ಮಾಡಿ, ಪ್ರತಿ ತುಂಡಿನೊಳಗೂ ಒಂದೊಂದು ಭಾಗಲಬ್ಧ ಸಂಖ್ಯೆ ಇದೆ. ಲಕ್ಷ ತುಂಡು ಮಾಡಿದರೆ ಲಕ್ಷ ಸಂಖ್ಯೆಗಳು. ಹಾಗಾಗಿ ಅವುಗಳ ಎಣಿಕೆಗೆ ಕೊನೆಯೇ ಇಲ್ಲ.

ಈಗ ಸಾಲಿನ ಪಕ್ಕಕ್ಕೆ ಮರಳಿ ಬನ್ನಿ. ನೀವು 55,000 ಕೋಟಿ ಜನರನ್ನು ದಾಟಿ ಬಂದಿದ್ದೀರಿ ಎನ್ನಿ. ಅದು ಬಲು ದೊಡ್ಡ ಸಂಖ್ಯೆ, ಆದರೆ ಕೊನೆಯುಳ್ಳ ಸಂಖ್ಯೆ. ಆವರಣದೊಳಗಿನವರು ಅನಂತ. ಅನಂತ ಜನರಲ್ಲಿ ಎಲ್ಲರೂ ಆ 55,000 ಕೋಟಿ ಸ್ಥಾನಗಳಲ್ಲೇ ನಿಂತಿರಲು ಸಾಧ್ಯವಿಲ್ಲ, ಏಕೆಂದರೆ ಒಂದು ಸ್ಥಾನದಲ್ಲಿ ಒಬ್ಬರೇ. ಆದ್ದರಿಂದ ಆವರಣದೊಳಗಿನ ಒಬ್ಬರಾದರೂ ಮುಂದೆ ನಿಂತಿರಲೇಬೇಕು. ಒಬ್ಬರೇನು, ಅನಂತ ಜನ ಮುಂದೆಯೇ ಇದ್ದಾರೆ. ಪಟ್ಟಿಯನ್ನು ಜೋಡಿಸಿದವರು ಎಷ್ಟೇ ಕುಯುಕ್ತಿ ಮಾಡಿದ್ದರೂ, x ನ ಬಳಿಯವರನ್ನೆಲ್ಲ ಸಾಲಿನ ಆರಂಭದಲ್ಲೇ ತುಂಬಿಬಿಡಲು ಯತ್ನಿಸಿದ್ದರೂ, ಅವರಿಂದ ಆಗದ ಕೆಲಸ ಅದು.

ಇನ್ನು ಆರಿಸುವುದು ಸರಳ. x ನಿಂದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ದೂರದಲ್ಲಿರುವ ಯಾರನ್ನಾದರೂ ಕರೆಯಿರಿ. ಅವರನ್ನು ದಾಟಿ ಮುಂದೆ ನಡೆಯುತ್ತಾ, ನೂರರಲ್ಲೊಂದು ಭಾಗಕ್ಕಿಂತ ಹತ್ತಿರವಿರುವವರು ಮೊದಲು ಸಿಕ್ಕೊಡನೆ ಕರೆಯಿರಿ. ಅವರನ್ನು ದಾಟಿದ ಮೇಲೆ ಸಾವಿರದಲ್ಲೊಂದು, ಹತ್ತು ಸಾವಿರದಲ್ಲೊಂದು, ಹೀಗೆ. ಪ್ರತಿ ಸಲವೂ ಬೇಕಾದವರು ಮುಂದೆ ಇದ್ದೇ ಇರುತ್ತಾರೆ, ಹಿಂದೆ ನೋಡುವ ಪ್ರಮೇಯ ಬರುವುದಿಲ್ಲ. ಕರೆದವರು x ನತ್ತ ಸಾಗುತ್ತಾರೆ, ಅವರ ಕ್ರಮಸಂಖ್ಯೆ ಏರುತ್ತದೆ. x ಭಾಗಲಬ್ಧವೋ ಅಭಾಗಲಬ್ಧವೋ ಎಂದು ನಾವು ಎಲ್ಲಿಯೂ ಕೇಳಲಿಲ್ಲ ಎಂಬುದನ್ನು ಗಮನಿಸಿ. x ಸೊನ್ನೆಯೋ ಒಂದೋ ಆಗಿದ್ದರೆ ಆವರಣದ ಅರ್ಧ ಮಾತ್ರ ನಮ್ಮ ಕೈಗೆ ಸಿಗುತ್ತದೆ, ಆ ಅರ್ಧದಲ್ಲಿಯೂ ಭಿನ್ನರಾಶಿಗಳು ಅನಂತವಾಗಿಯೇ ಇವೆ.

ಮುರಿದುಬಿದ್ದ ನಮ್ಮ ದಶಮಾಂಶಗಳನ್ನೂ ಹೀಗೆಯೇ ಸರಿಪಡಿಸಬಹುದು. 0.4142 ಆದ ಮೇಲೆ 0.41421ನ್ನು ಬಿಡಿ, 0.414213ನ್ನೂ ಬಿಡಿ, ಮುಂದಿನದನ್ನು ನೋಡಿ. 0.4142135 ಎಂದರೆ 828427/2000000, ಅದು 613ನೆಯ ತಲೆಮಾರಿನಲ್ಲಿದೆ. ನಲವತ್ತೊಂದನ್ನು ಧಾರಾಳವಾಗಿ ದಾಟಿದೆ, ಅದನ್ನು ತೆಗೆದುಕೊಳ್ಳಿ. ಹೀಗೆ 0.4, 0.41, 0.414, 0.4142, 0.4142135, … ಎಂದು ಕೆಲವನ್ನು ಹಾರಿಸುತ್ತಾ ಹೋದರೆ ಕ್ಯಾಲ್ಕಿನ್ ಮತ್ತು ವಿಲ್ಫ್ ಅವರ ಪಟ್ಟಿಯಲ್ಲಿಯೂ ಉಪಾನುಕ್ರಮ ಸಿಗುತ್ತದೆ. ಹಾರಿಸುವ ಕೆಲಸ ಎಂದಿಗೂ ಸಿಕ್ಕಿಕೊಳ್ಳುವುದಿಲ್ಲ, ಏಕೆಂದರೆ ಬೇರೆ ಬೇರೆ ದಶಮಾಂಶಗಳು ಅನಂತವಾಗಿವೆ, ಹಿಂದೆ ಉಳಿಯಬಲ್ಲವು ಕೆಲವೇ ಕೆಲವು. ಈ ತಲೆಮಾರಿನ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. 613 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕಾಣುವಾಗ ಆಗುವ ಖುಷಿ ಬೇರೆಯೇ: ಕಳೆಯುತ್ತಾ ಕಳೆಯುತ್ತಾ 1/594 ಎಂಬಲ್ಲಿಗೆ ಬಂದು, ಅಲ್ಲಿಂದ ಒಂದೊಂದಾಗಿ 593 ಮೆಟ್ಟಿಲು ಹತ್ತಬೇಕಾಗುತ್ತದೆ.

ಸೊನ್ನೆಯಿಂದ ಒಂದರವರೆಗಿನ ಎಲ್ಲ ಬಿಂದುಗಳೂ ಮಿತಿಗಳೇ ಎಂದಾಯಿತು. ಹೊರಗಿನ ಬಿಂದು ಯಾವುದಾದರೂ ಮಿತಿಯಾದೀತೇ? 1.01 ಎಂಬುದನ್ನು ನೋಡಿ. ಪಟ್ಟಿಯ ಪ್ರತಿ ಪದವೂ ಒಂದಕ್ಕಿಂತ ಕಡಿಮೆ, ಆದ್ದರಿಂದ ಅದು 1.01ರಿಂದ 0.01ಕ್ಕಿಂತ ಹೆಚ್ಚು ದೂರದಲ್ಲಿದೆ. ಅಷ್ಟು ಅಗಲದ ಆವರಣದೊಳಗೆ ಯಾರೂ ಎಂದಿಗೂ ಕಾಲಿಡುವುದಿಲ್ಲ. ಹೊರಗಿನ ಯಾವ ಬಿಂದುವಾದರೂ ಹೀಗೆಯೇ, ಅದಕ್ಕೂ ನಮ್ಮ ಸಾಲಿಗೂ ನಡುವೆ ಒಂದು ಖಾಲಿ ಜಾಗ ಉಳಿದೇ ಇರುತ್ತದೆ. ಸೊನ್ನೆಗೆ ಮತ್ತು ಒಂದಕ್ಕೆ ಅಂಥ ಖಾಲಿ ಜಾಗವಿಲ್ಲ, ಅದಕ್ಕೇ ಅವು ಪಟ್ಟಿಯಲ್ಲಿ ಇಲ್ಲದಿದ್ದರೂ ಮಿತಿಗಳ ಗಣದೊಳಗೆ ಬಂದವು.

ಇಲ್ಲಿ ಒಂದು ಸಂಶಯ ನ್ಯಾಯವಾಗಿಯೇ ಏಳುತ್ತದೆ. ಸಾಲಿನಲ್ಲಿರುವವು ಒಂದು, ಎರಡು, ಮೂರು ಎಂದು ಎಣಿಸಬಹುದಾದ ಸಂಖ್ಯೆಗಳು. ಆದರೆ ಸೊನ್ನೆಯಿಂದ ಒಂದರವರೆಗಿನ ವಾಸ್ತವ ಸಂಖ್ಯೆಗಳನ್ನು ಯಾವ ಸಾಲಿನಲ್ಲಿಯೂ ಹಿಡಿಸಲಾಗದು ಎಂದು ಗೆಯಾರ್ಗ್ ಕ್ಯಾಂಟರ್ 1874ರಲ್ಲಿಯೇ ಸಾಧಿಸಿದರು. ಎಣಿಸಬಹುದಾದಷ್ಟು ಪದಗಳಿಂದ ಎಣಿಸಲಾಗದಷ್ಟು ಮಿತಿಗಳು ಹುಟ್ಟುವುದು ಹೇಗೆ? ಮಿತಿಯನ್ನು ಹುಟ್ಟಿಸುವುದು ಬಿಡಿ ಪದವಲ್ಲ, ಅನಂತ ಆಯ್ಕೆಗಳ ಒಂದು ಸರಣಿ. ದಶಮಾಂಶದ ಮೊದಲ ಅಂಕಿಗೆ ಹತ್ತು ಆಯ್ಕೆ, ಎರಡನೆಯದಕ್ಕೆ ಮತ್ತೆ ಹತ್ತು, ಮೂರನೆಯದಕ್ಕೆ ಮತ್ತೆ ಹತ್ತು. ಹೀಗೆ ಕೊನೆಯಿಲ್ಲದೆ ಆರಿಸುತ್ತಾ ಹೋಗುವ ಬಗೆಗಳು ಎಣಿಕೆಗೆ ಸಿಗುವುದಿಲ್ಲ. ವರ್ಣಮಾಲೆಯಲ್ಲಿ ಅಕ್ಷರಗಳು ಕೆಲವೇ ಇದ್ದರೂ ಅವುಗಳಿಂದ ಕೊನೆಯೇ ಇಲ್ಲದ ಅಕ್ಷರಸಾಲುಗಳನ್ನು ಬರೆಯುವ ಬಗೆಗಳಿಗೆ ಲೆಕ್ಕವಿಲ್ಲವಲ್ಲ, ಇದೂ ಅದೇ ಜಾತಿಯ ಸಂಗತಿ.

ಪ್ರತಿ ಸಂಖ್ಯೆಯೂ ಒಮ್ಮೆಯೇ ಬರುತ್ತದೆ ಎಂಬ ಷರತ್ತಿನ ಪಾತ್ರವನ್ನೂ ಹೇಳಿಬಿಡಬೇಕು. 1/2, 1/3, 1/4, 1/5, … ಎಂಬ ಸಾಲನ್ನಷ್ಟೇ ತೆಗೆದುಕೊಂಡರೆ ಅದರ ಉಪಾನುಕ್ರಮಗಳ ಮಿತಿ ಸೊನ್ನೆ ಒಂದೇ. 1/3 ಸಾಲಿನಲ್ಲಿದ್ದರೂ ಮಿತಿಯಲ್ಲ, ಏಕೆಂದರೆ ಅದರ ನೆರೆಹೊರೆ ಖಾಲಿ. ಅದೇ ಸಾಲಿನಲ್ಲಿ 1/3ನ್ನು ಒಂದು ಬಿಟ್ಟು ಒಂದರಂತೆ ಅನಂತ ಸಲ ತುರುಕಿದರೆ ಆಗ ಅದೂ ಮಿತಿಯಾಗುತ್ತದೆ. ನಮ್ಮ ಪಟ್ಟಿಯಲ್ಲಿ ಇಂಥ ಪುನರಾವರ್ತನೆ ಇಲ್ಲದಿರುವುದರಿಂದ ಮಿತಿಯ ಹೊಣೆಯೆಲ್ಲ ನೆರೆಹೊರೆಯ ಜಂಗುಳಿಯ ಮೇಲೆ ಬಿದ್ದಿದೆ. ಆ ಜಂಗುಳಿಗೆ ಶಕ್ತಿ ಎಷ್ಟಿದೆಯೆಂದರೆ, ಅನಂತ ಸಂಖ್ಯೆಗಳನ್ನು ಅಳಿಸಿದರೂ ಅದು ಕದಲದೆ ಇರಬಹುದು. ಛೇದ 2, 4, 8, 16, 32, … ಇರುವವನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಎಲ್ಲವನ್ನೂ ತೆಗೆದರೂ ಮಿತಿಗಳ ಗಣ ಸೊನ್ನೆಯಿಂದ ಒಂದರವರೆಗೆ ಇಡಿಯಾಗಿಯೇ ಇರುತ್ತದೆ. ಆದರೆ 0.41 ಮತ್ತು 0.42ರ ನಡುವಿನವನ್ನು ಮಾತ್ರ ಅಳಿಸಿದರೆ ಆ ಸಣ್ಣ ತುಂಡಿನ ಒಳಗಿನ ಬಿಂದುಗಳೆಲ್ಲ ಮಿತಿಯ ಸ್ಥಾನ ಕಳೆದುಕೊಳ್ಳುತ್ತವೆ, √2 − 1 ಕೂಡ.

ಜೋಡಣೆಯ ಕ್ರಮ ಮಿತಿಗಳ ಗಣವನ್ನು ಬದಲಿಸಲಾರದು ಎಂದರೆ ಕ್ರಮಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಒಂದು ಪಟ್ಟಿಯನ್ನು ಹೀಗೆ ಕಟ್ಟಿ ನೋಡಿ. 1, 4, 9, 16, 25 ಮೊದಲಾದ ವರ್ಗಸಂಖ್ಯೆಗಳ ಸ್ಥಾನಗಳಲ್ಲಿ ಅಂಶ 2 ಅಥವಾ ಹೆಚ್ಚು ಇರುವ ಭಿನ್ನರಾಶಿಗಳನ್ನು ಛೇದದ ಕ್ರಮದಲ್ಲಿ ಇಡಿ. ಉಳಿದ ಸ್ಥಾನಗಳಲ್ಲಿ 1/2, 1/3, 1/4, … ಇಡಿ. ಸಾಲು ಹೀಗಿರುತ್ತದೆ:

2/3, 1/2, 1/3, 3/4, 1/4, 1/5, 1/6, 1/7, 2/5, 1/8, …

ಇಲ್ಲಿಯೂ ಎಲ್ಲ ಭಿನ್ನರಾಶಿಗಳು ಒಂದೊಂದೇ ಸಲ ಇವೆ. ಮೊದಲ 10,000 ಪದಗಳನ್ನು ಕೂಡಿದರೆ ವರ್ಗಸ್ಥಾನಗಳ ನೂರು ಪದಗಳಿಂದ ನೂರಕ್ಕಿಂತ ಕಡಿಮೆ, ಉಳಿದ 9,900 ಪದಗಳಿಂದ ಒಂಬತ್ತಕ್ಕಿಂತ ಕಡಿಮೆ ಬರುತ್ತದೆ. ಸರಾಸರಿ 0.011ಕ್ಕಿಂತ ಕೆಳಗೆ, ಮುಂದೆ ಹೋದಂತೆ ಅದು ಸೊನ್ನೆಗೇ ಇಳಿಯುತ್ತದೆ. ಈ ಸಾಲಿನ ಪಕ್ಕದಲ್ಲಿ ನಡೆಯುವವರಿಗೆ ಬಹುಪಾಲು ಹೊತ್ತು ಸೊನ್ನೆಯ ಬಳಿಯವರೇ ಎದುರಾಗುತ್ತಾರೆ. ಆದರೂ √2 − 1ರತ್ತ ಹೊರಟವರಿಗೆ 2/5 ಒಂಬತ್ತನೆಯ ಸ್ಥಾನದಲ್ಲಿ ಸಿಗುತ್ತದೆ, ಮೊದಲ ಪಟ್ಟಿಯಲ್ಲಿ 3020ನೆಯದಾಗಿದ್ದ 41/100 ಇಲ್ಲಿ 85,32,241ನೆಯ ಸ್ಥಾನದಲ್ಲಿ ನಿಂತಿದೆ, 207/500 ಅದಕ್ಕಿಂತ ಎಷ್ಟೋ ಮುಂದೆ ಇದೆ.